ನೀರುದೋಸೆ ಹರಿದರೆ ಮೊದಲು ಕಾವಲಿ ಮೇಲೆ ಉಳಿದದ್ದನ್ನು ನೋಡಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ದಿನವಾದರೂ ತಿಂಡಿಗೆ ನೀರುದೋಸೆ. ಸಾಗರದ ಕಡೆ ಹವ್ಯಕರ ಮನೆಗಳಲ್ಲಿ ಇದನ್ನೇ ತೆಳ್ಳೇವು ಎನ್ನುತ್ತಾರೆ. ಇದಕ್ಕೆ ಉದ್ದು ಹಾಕುವುದಿಲ್ಲ, ಹುಳಿ ಬರಿಸುವುದೂ ಇಲ್ಲ. ಅಕ್ಕಿ, ಸ್ವಲ್ಪ ಕಾಯಿತುರಿ, ಉಪ್ಪು, ನೀರು ಅಷ್ಟೇ. ಸಾಮಾನು ಇಷ್ಟು ಕಡಿಮೆ ಇರುವುದರಿಂದಲೇ ಇದು ಹಟ ಮಾಡುತ್ತದೆ. ಉದ್ದಿನ ದೋಸೆಯಲ್ಲಿ ನಾವು ಸ್ವಲ್ಪ ತಪ್ಪಿದರೂ ಉದ್ದಿನ ಅಂಟು ದೋಸೆಯನ್ನು ಹಿಡಿದುಕೊಳ್ಳುತ್ತದೆ. ಇಲ್ಲಿ ಆ ಆಸರೆ ಇಲ್ಲ. ಕಾವಲಿ ಮೇಲೆ ಬೆಂದ ಅಕ್ಕಿಯೇ ಒಂದಕ್ಕೊಂದು ಅಂಟಿಕೊಂಡು ನಿಲ್ಲಬೇಕು.

ಸರಿಯಾದ ನೀರುದೋಸೆ ಬೆಳ್ಳಗಿರುತ್ತದೆ, ಮೈತುಂಬ ಸಣ್ಣ ತೂತುಗಳಿರುತ್ತವೆ. ನಾಲ್ಕು ಮಡಿಕೆ ಮಡಚಿದರೂ ಮಡಿಕೆಯಲ್ಲಿ ಬಿರಿಯುವುದಿಲ್ಲ. ಹಾಗೆ ಬರುತ್ತಿಲ್ಲ ಎಂದರೆ ಈ ಬರಹ ನಿಮಗೆ.

ಲೆಕ್ಕಕ್ಕೆ ಒಂದು ಅಳತೆ ಇಟ್ಟುಕೊಳ್ಳೋಣ. ಒಂದು ಲೋಟ ಬೆಳ್ತಿಗೆ ಅಕ್ಕಿಯನ್ನು ನಾಲ್ಕೈದು ಗಂಟೆ, ಇಲ್ಲವೇ ರಾತ್ರಿಯಿಡೀ ನೆನೆಸಿ. ಕಾಲು ಲೋಟ ಕಾಯಿತುರಿ ಸೇರಿಸಿ, ಮುಕ್ಕಾಲು ಲೋಟದಷ್ಟು ನೀರಿನಲ್ಲಿ ನುಣ್ಣಗೆ ರುಬ್ಬಿ. ಆಮೇಲೆ ಉಪ್ಪು ಹಾಕಿ, ಒಂದೂಮುಕ್ಕಾಲರಿಂದ ಎರಡು ಲೋಟ ನೀರು ಬೆರೆಸಿ. ಅಕ್ಕಿಯ ಮೇಲೆ ಇದು ಸ್ವಲ್ಪ ಆಚೀಚೆ ಆಗುತ್ತದೆ. ಮುಂದೆ ಹೇಳುವುದೆಲ್ಲ ಈ ಅಳತೆಯ ಮೇಲೆ ನಿಂತಿದೆ.

ದೋಸೆ ಹರಿಯಿತು. ಕಾವಲಿ ಮೇಲೆ ಏನಿದೆ?

ದೋಸೆ ಹರಿದ ತಕ್ಷಣ ಹೆಚ್ಚಿನವರು ಹಿಟ್ಟಿಗೆ ಏನಾದರೂ ಸುರಿಯುತ್ತಾರೆ. ಒಬ್ಬರು ನೀರು, ಇನ್ನೊಬ್ಬರು ಅಕ್ಕಿ ಹಿಟ್ಟು. ಜೊತೆಗೆ ಉರಿಯನ್ನೂ ತಿರುಗಿಸುತ್ತಾರೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ. ಅದಕ್ಕೇ ಮೊದಲು ಏನನ್ನೂ ಮುಟ್ಟದೆ, ಹರಿದ ದೋಸೆ ತೆಗೆದ ಜಾಗವನ್ನು ನೋಡಿ.

ಕಾವಲಿ ಮೇಲೆ ಬಿಳಿ ಪೊರೆ ಅಂಟಿಕೊಂಡು, ಅದರ ಮೇಲಿನ ಭಾಗ ಮಾತ್ರ ನಿಮ್ಮ ಕೈಗೆ ಬಂದಿದ್ದರೆ ತೊಂದರೆ ಕಾವಲಿಯದು. ಬಿಸಿ ಸಾಲದು, ಅಥವಾ ಕಾವಲಿಯ ಮೈ ಪಳಗಿಲ್ಲ. ಕಾವಲಿ ಸ್ವಚ್ಛವಾಗಿದ್ದು, ದೋಸೆ ಸಲೀಸಾಗಿ ಎದ್ದು, ಎತ್ತುವಾಗ ತನ್ನ ಭಾರಕ್ಕೆ ತಾನೇ ತುಂಡಾದರೆ ತೊಂದರೆ ಹಿಟ್ಟಿನದು. ನನ್ನ ಅನುಭವದಲ್ಲಿ ಈ ಒಂದು ನೋಟ ಅರ್ಧ ಕೆಲಸ ಮುಗಿಸುತ್ತದೆ.

ಇದಕ್ಕೂ ಮುಂಚೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ: ಇನ್ನು ಸ್ವಲ್ಪ ಕಾಯುವುದು. ನೀರುದೋಸೆಯನ್ನು ಮಗುಚಿ ಹಾಕುವುದಿಲ್ಲ, ಮುಚ್ಚಳದ ಹಬೆಯಲ್ಲೇ ಮೇಲ್ಭಾಗ ಬೇಯಬೇಕು. ಒಂದು ನಿಮಿಷದ ಹತ್ತಿರ ಮುಚ್ಚಿಡಿ. ಮುಚ್ಚಳ ತೆಗೆದ ಮೇಲೆ ಹತ್ತು ಹದಿನೈದು ಸೆಕೆಂಡು ಹಾಗೇ ಬಿಡಿ. ಮೇಲೆ ನಿಂತ ಹಬೆಯ ನೀರು ಆರಿ, ಅಂಚು ತಾನಾಗಿಯೇ ಸ್ವಲ್ಪ ಎದ್ದು ನಿಲ್ಲುತ್ತದೆ. ಅಂಚು ಏಳುವ ಮೊದಲೇ ಸಟ್ಟುಗ ಹಾಕಿದರೆ ಎಂಥ ಒಳ್ಳೆಯ ಹಿಟ್ಟಾದರೂ ಹರಿಯುತ್ತದೆ. ಮುಚ್ಚಳ ತೆಗೆಯುವಾಗ ನಿಮ್ಮಿಂದ ಆಚೆಗೆ ಓರೆ ಮಾಡಿ ತೆಗೆಯಿರಿ. ಒಳಗಿನ ಹಬೆ ನೇರ ಮುಂಗೈಗೆ ಹೊಡೆದರೆ ಬೊಬ್ಬೆ ಬರುತ್ತದೆ.

ಕಾವಲಿ ಬಿಟ್ಟು ಏಳುತ್ತದೆ, ಕೈಯಲ್ಲಿ ತುಂಡಾಗುತ್ತದೆ

ಇದು ಹಿಟ್ಟಿನ ಮಾತು. ಹಿಟ್ಟು ಎಷ್ಟು ತೆಳು ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಪಾತ್ರೆ ಅಗಲವಾಗಿದ್ದರೆ ಎಲ್ಲ ಹಿಟ್ಟೂ ತೆಳ್ಳಗೇ ಕಾಣುತ್ತದೆ. ನಾನು ಸ್ಟೀಲಿನ ಸೌಟನ್ನು ನಂಬುತ್ತೇನೆ. ಹಿಟ್ಟನ್ನು ತಳದಿಂದ ಚೆನ್ನಾಗಿ ಕದಡಿ, ಸೌಟು ಅದ್ದಿ ಎತ್ತಿ, ಅದರ ಬೆನ್ನು ನೋಡಿ. ಬಿಳಿ ಪೊರೆ ಹಿಡಿದಿರಬೇಕು, ಆ ಪೊರೆಯ ಹಿಂದೆ ಸ್ಟೀಲಿನ ಬಣ್ಣ ಮಸುಕಾಗಿ ಕಾಣಬೇಕು. ಸ್ಟೀಲು ಪೂರ್ತಿ ಮುಚ್ಚಿಹೋದರೆ ಹಿಟ್ಟು ದಪ್ಪ. ಪೊರೆಯೇ ನಿಲ್ಲದೆ ಬರೀ ಹನಿಹನಿ ಉಳಿದರೆ ನೀರು ಜಾಸ್ತಿ.

ನೀರು ಜಾಸ್ತಿಯಾದರೆ ದೋಸೆ ಯಾಕೆ ತುಂಡಾಗುತ್ತದೆ? ತೂತುಗಳ ನಡುವೆ ಉಳಿಯುವ ಎಳೆಗಳಲ್ಲಿ ಅಕ್ಕಿ ಸಾಲದು. ಬಲೆ ಇದೆ, ದಾರ ಸಣ್ಣದು. ಇದಕ್ಕೆ ಅಕ್ಕಿ ಹಿಟ್ಟು ಹಾಕುವ ಮೊದಲು ಒಂದು ಸುಲಭದ ದಾರಿ ನೋಡಿ. ಹಿಟ್ಟನ್ನು ಅಲುಗಿಸದೆ ಅರ್ಧ ಗಂಟೆ ಇಡಿ. ಅಕ್ಕಿ ತಳಕ್ಕೆ ಕೂರುತ್ತದೆ, ಮೇಲೆ ತಿಳಿ ನೀರು ನಿಲ್ಲುತ್ತದೆ. ಆ ನೀರನ್ನು ಸೌಟಿನಿಂದ ಸ್ವಲ್ಪ ಸ್ವಲ್ಪ ತೆಗೆದು ಬೇರೆ ಪಾತ್ರೆಗೆ ಹಾಕಿ, ಹಿಟ್ಟು ಕದಡಿ ಮತ್ತೆ ಸೌಟಿನ ಬೆನ್ನು ನೋಡಿ. ತೆಗೆದ ನೀರನ್ನು ಚೆಲ್ಲಬೇಡಿ, ಜಾಸ್ತಿ ತೆಗೆದಿದ್ದರೆ ವಾಪಸ್ ಬೇಕಾಗುತ್ತದೆ. ಅದರ ಜೊತೆ ಉಪ್ಪೂ ಹೋಗಿರುತ್ತದೆ, ಒಂಚೂರು ರುಚಿ ನೋಡಿಕೊಳ್ಳಿ. ಕಾಯುವ ಪುರುಸೊತ್ತಿಲ್ಲದಿದ್ದರೆ ಒಂದು ಚಮಚ ಅಕ್ಕಿ ಹಿಟ್ಟನ್ನು ಬೇರೆ ಬಟ್ಟಲಿನಲ್ಲಿ ನೀರಲ್ಲಿ ಗಂಟಿಲ್ಲದಂತೆ ಕಲಸಿ ಸೇರಿಸಬಹುದು. ದೋಸೆ ಏಳುತ್ತದೆ, ಆದರೆ ಆ ಮೃದು ಬರುವುದಿಲ್ಲ.

ಸೌಟಿನ ಬೆನ್ನು ಸರಿ ಇದ್ದೂ ತುಂಡಾದರೆ ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ. ರವೆಯಂತೆ ಸಿಕ್ಕರೆ ರುಬ್ಬಿದ್ದು ಸಾಲದು. ದಪ್ಪ ಕಣಗಳು ಅಷ್ಟು ಬೇಗ ಬೇಯುವುದಿಲ್ಲ, ಒಂದಕ್ಕೊಂದು ಅಂಟುವುದೂ ಇಲ್ಲ. ಮಿಕ್ಸಿಯಲ್ಲಿ ಒಂದೇ ಸಲ ಪೂರ್ತಿ ನೀರು ಹಾಕಿದವರಿಗೆ ಹೀಗಾಗುತ್ತದೆ. ಅಕ್ಕಿ ನೀರಿನಲ್ಲಿ ತೇಲಾಡಿ ಬ್ಲೇಡಿಗೆ ಸಿಗುವುದಿಲ್ಲ. ಹಿಟ್ಟನ್ನು ಸ್ವಲ್ಪ ಹೊತ್ತು ಕೂರಿಸಿ, ತಿಳಿ ನೀರು ತೆಗೆದು, ಕೆಳಗಿನ ಗಟ್ಟಿಯನ್ನು ಮತ್ತೆ ರುಬ್ಬಿ. ಆಮೇಲೆ ಅದೇ ನೀರಿನಿಂದ ತೆಳು ಮಾಡಿ.

ಇನ್ನು ಕಾಯಿ. ಕಾಯಿ ಹಾಕಿದರೆ ದೋಸೆ ಮೃದು, ರುಚಿಯೂ ಹೌದು. ಆದರೆ ಕಾಯಿಯ ಜಿಡ್ಡು ಮತ್ತು ನಾರು ಅಕ್ಕಿಯ ಎಳೆಗಳ ನಡುವೆ ಸೇರಿ ಅವನ್ನು ಬಿಡಿಸುತ್ತವೆ. ಒಂದು ಲೋಟ ಅಕ್ಕಿಗೆ ಅರ್ಧ ಲೋಟದಷ್ಟು ಕಾಯಿ ಹಾಕಿ ಎತ್ತಲು ಪಳಗಿದ ಕೈ ಬೇಕು. ಹರಿಯುವ ತೊಂದರೆ ಇರುವಷ್ಟು ದಿನ ಕಾಲು ಲೋಟ ದಾಟಬೇಡಿ.

ಹೊಸ ಅಕ್ಕಿ ಬಂದ ಮೇಲೆ ಹಾಳಾಗಿದೆ

ನನ್ನ ತಂಗಿ ಶಿವಮೊಗ್ಗದಲ್ಲಿದ್ದಾಳೆ. ಒಂದು ವರ್ಷ ಸುಗ್ಗಿ ಮುಗಿದು ಊರಿನಿಂದ ಹೊಸ ಅಕ್ಕಿ ಹೋದ ವಾರವೇ ಫೋನ್ ಮಾಡಿದಳು. "ಅಕ್ಕಾ, ಊರಿನ ಅಕ್ಕಿ ತಂದ ಮೇಲೆ ದೋಸೆ ಎತ್ತಕ್ಕೇ ಆಗ್ತಿಲ್ಲ. ಅಂಟಂಟು ಅನ್ನಿಸಿ ನೀರು ಹಾಕಿದೆ, ಇನ್ನೂ ಕೆಡ್ತು."

ಕಾವಲಿ ಮೇಲೆ ಏನಿದೆ ಎಂದು ಕೇಳಿದೆ. ಏನೂ ಇಲ್ಲ, ಸ್ವಚ್ಛ ಇದೆ, ದೋಸೆ ಮಾತ್ರ ಒದ್ದೆ ಬಟ್ಟೆಯ ಹಾಗೆ ಸಟ್ಟುಗಕ್ಕೆ ಸುತ್ತಿಕೊಂಡು ಹರಿಯುತ್ತದೆ ಎಂದಳು. ಅಲ್ಲಿಗೆ ಕಾವಲಿ ಬಿಟ್ಟು ಹಿಟ್ಟಿಗೆ ಬಂದೆವು. ಎರಡು ಲೋಟ ಅಕ್ಕಿಗೆ ಎಲ್ಲ ಸೇರಿ ಆರೂವರೆ ಲೋಟ ನೀರು ಹೋಗಿತ್ತು. ಹಳೇ ಅಕ್ಕಿಗೆ ಅವಳು ಹಾಕುತ್ತಿದ್ದದ್ದು ಐದೂವರೆ.

ಹೊಸ ಅಕ್ಕಿ ನೀರು ಕಡಿಮೆ ಹೀರುತ್ತದೆ, ಬೆಂದಾಗ ಅಂಟು ಜಾಸ್ತಿ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುವುದು ನಮಗೆಲ್ಲ ಗೊತ್ತು, ಅಲ್ವಾ? ದೋಸೆಯಲ್ಲೂ ಅದೇ. ಅಂಟಾಗಿದೆ ಎಂದು ನೀರು ಹಾಕಿದರೆ ಅಂಟು ಹೋಗುವುದಿಲ್ಲ, ಹಿಡಿತ ಮಾತ್ರ ಹೋಗುತ್ತದೆ.

ಮೊದಲು ಹಿಟ್ಟನ್ನು ಅರ್ಧ ಗಂಟೆ ಕೂರಿಸಿ ಒಂದು ಲೋಟ ತಿಳಿ ನೀರು ತೆಗೆಸಿದೆ. ಮುಂದಿನ ದೋಸೆ ಇಡಿಯಾಗಿ ಎದ್ದಿತು, ಆದರೆ ಮಡಚುವಾಗ ಒಂದು ಕಡೆ ಬಿರಿಯಿತು. ಆಮೇಲೆ ಉರಿ ಮುಟ್ಟದೆ, ಮುಚ್ಚಳ ತೆಗೆದ ಮೇಲೆ ಇಪ್ಪತ್ತು ಎಣಿಸುವವರೆಗೆ ಕಾಯಲು ಹೇಳಿದೆ. ಆ ದೋಸೆ ಸರಿಯಾಗಿ ಮಡಚಿತು. ಮಾರನೇ ಸಲ ಅರ್ಧ ಹೊಸ ಅಕ್ಕಿ, ಅರ್ಧ ಹಳೇ ಅಕ್ಕಿ ನೆನೆಸಿದಳು, ತೊಂದರೆ ಮುಗಿಯಿತು. ಹಳೇ ಅಕ್ಕಿ ಸಿಗದಿದ್ದರೆ ಒಂದು ಲೋಟ ಹೊಸ ಅಕ್ಕಿಗೆ ಎಲ್ಲ ಸೇರಿ ಎರಡೂವರೆ ಲೋಟಕ್ಕಿಂತ ಕಡಿಮೆ ನೀರಿನಿಂದ ಶುರು ಮಾಡಿ, ಒಂದು ದೋಸೆ ಎರೆದು ನೋಡಿ, ಬೇಕಾದರೆ ಕಾಲು ಕಾಲು ಲೋಟ ಸೇರಿಸುತ್ತ ಹೋಗಿ.

ತುಂಬ ಹಳೇ ಅಕ್ಕಿಯದು ಇದರ ಉಲ್ಟಾ. ದೋಸೆ ಒಣಕಲಾಗಿ ಮಡಿಕೆಯಲ್ಲಿ ಸೀಳುತ್ತದೆ. ರುಬ್ಬುವಾಗ ಒಂದು ಹಿಡಿ ಅನ್ನ ಸೇರಿಸಿದರೆ ಹಿಡಿದುಕೊಳ್ಳುತ್ತದೆ. ಕುಚ್ಚಲಕ್ಕಿ, ಇಡ್ಲಿ ಅಕ್ಕಿ ಇದಕ್ಕೆ ಬೇಡ. ಅವು ಒಮ್ಮೆ ಬೆಂದು ಒಣಗಿದ ಅಕ್ಕಿ, ಅದರ ದೋಸೆ ಬಲೆಯಾಗುವ ಬದಲು ಜಗಿಯುವ ಹಾಗೆ ಆಗುತ್ತದೆ.

ಮೊದಲ ಮೂರು ಚೆನ್ನಾಗಿ ಬಂದವು, ಆಮೇಲೆ ಒಂದೂ ಇಲ್ಲ

ಹಿಟ್ಟೂ ಅದೇ, ಕಾವಲಿಯೂ ಅದೇ, ಆದರೂ ಕೆಡುತ್ತದೆ. ಇದಕ್ಕೆ ಎರಡು ಕಾರಣ, ಎರಡೂ ಸುಲಭದವು.

ಒಂದು, ಹಿಟ್ಟು ಕೂರುತ್ತದೆ. ಒಂದು ದೋಸೆ ಬೇಯುವ ಒಂದು ನಿಮಿಷದಲ್ಲೇ ಅಕ್ಕಿ ಕೆಳಗಿಳಿಯಲು ಶುರುವಾಗುತ್ತದೆ. ಕದಡದೆ ಮೇಲಿನಿಂದ ಸೌಟು ತುಂಬಿದರೆ ಮುಂದಿನ ಕೆಲವಕ್ಕೆ ನೀರೇ ಹೋಗುತ್ತದೆ, ಕೊನೆಯವಕ್ಕೆ ಗಟ್ಟಿ ಉಳಿಯುತ್ತದೆ. ಪ್ರತಿ ದೋಸೆಗೂ ಸೌಟು ತಳ ಮುಟ್ಟಿಸಿ ಕದಡಲೇಬೇಕು. ಕೊನೆಕೊನೆಗೆ ದಪ್ಪ ಅನ್ನಿಸಿದರೆ ಒಂದೆರಡು ಚಮಚ ನೀರು ಸೇರಿಸಿ.

ಇನ್ನೊಂದು, ಕಾವಲಿ ತಣ್ಣಗಾಗಿದೆ. ಈ ಹಿಟ್ಟಿನಲ್ಲಿ ಹೆಚ್ಚಿನ ಪಾಲು ನೀರು. ಆ ನೀರು ಹಬೆಯಾಗಲು ಕಾವಲಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಉದ್ದಿನ ದೋಸೆಗಿಂತ ನೀರುದೋಸೆ ಕಾವಲಿಯನ್ನು ಬೇಗ ತಣ್ಣಗಾಗಿಸುವುದು ಇದರಿಂದಲೇ. ಎರೆಯುವಾಗ ದೊಡ್ಡ ಉರಿ, ಮುಚ್ಚಿದ ಮೇಲೆ ಮಧ್ಯಮ ಉರಿ, ದೋಸೆ ತೆಗೆದ ಮೇಲೆ ಮತ್ತೆ ದೊಡ್ಡ ಉರಿಯಲ್ಲಿ ಇಪ್ಪತ್ತು ಮೂವತ್ತು ಸೆಕೆಂಡು. ಈ ಏರಿಳಿತ ಅಭ್ಯಾಸವಾದರೆ ಹತ್ತನೇ ದೋಸೆಯೂ ಮೊದಲನೆಯದರ ಹಾಗೇ ಬರುತ್ತದೆ.

ತೂತು ಬೀಳುವುದಿಲ್ಲ, ದಪ್ಪಗೆ ಹಾಳೆಯ ಹಾಗೆ ಬರುತ್ತದೆ

ಇಲ್ಲಿ ಕಣ್ಣಿಗಿಂತ ಕಿವಿ ಉಪಯೋಗಕ್ಕೆ ಬರುತ್ತದೆ. ಹಿಟ್ಟು ಬಿದ್ದ ತಕ್ಷಣ ಚುಂಯ್ ಎಂಬ ಸದ್ದು ಬರಬೇಕು. ತೂತು ಆಗುವುದೇ ಆ ಸದ್ದಿನಲ್ಲಿ. ಕೆಳಗಿನ ನೀರು ಹಬೆಯಾಗಿ, ಮೇಲಿನ ಹಿಟ್ಟು ಗಟ್ಟಿಯಾಗುವ ಮೊದಲೇ ಅದನ್ನು ಸೀಳಿಕೊಂಡು ಹೊರಗೆ ಬರುತ್ತದೆ.

ಸದ್ದು ಇಲ್ಲದಿದ್ದರೆ ಕಾವಲಿ ತಣ್ಣಗಿದೆ. ಹಿಟ್ಟು ಸುಮ್ನೆ ಹರಡಿ ಕೂರುತ್ತದೆ, ಅಂಟಿಕೊಳ್ಳುತ್ತದೆ, ಎತ್ತಿದರೆ ಪೊರೆ ಉಳಿಯುತ್ತದೆ. ಸದ್ದು ಜೋರಾಗಿ ಬಂದೂ ತೂತಿಲ್ಲದಿದ್ದರೆ ಹಿಟ್ಟು ದಪ್ಪ, ಕಾಲು ಲೋಟ ನೀರು ಸೇರಿಸಿ ನೋಡಿ. ಸೌಟಿನಿಂದ ಉಜ್ಜಿ ಹರಡುವ ಅಭ್ಯಾಸವಿದ್ದರೂ ಹೀಗೇ ಆಗುತ್ತದೆ. ನೀರುದೋಸೆಯನ್ನು ಉಜ್ಜುವುದಿಲ್ಲ. ಕಾವಲಿಯ ಅಂಚಿನಿಂದ ಸುತ್ತ ಹೊಯ್ದುಕೊಂಡು ನಡುವಿಗೆ ಬರಬೇಕು. ದೊಡ್ಡ ಕಿಂಡಿ ಉಳಿದಲ್ಲಿ ಮಾತ್ರ ನಾಲ್ಕು ಹನಿ ಬಿಡಬೇಕು, ಸಣ್ಣ ತೂತುಗಳನ್ನು ತುಂಬಲು ಹೋಗಬಾರದು.

ಹಿಟ್ಟು ಬಿದ್ದ ಕೂಡಲೇ ಸರಿದು ಮುದ್ದೆಯಾಗುತ್ತದೆ

ಇದು ಬಿಸಿ ಜಾಸ್ತಿಯಾದ ಗುರುತು. ಹಿಟ್ಟು ಹರಡುವ ಮೊದಲೇ ಬಿದ್ದಲ್ಲೇ ಗಟ್ಟಿಯಾಗುತ್ತದೆ. ಒಂದು ಕಡೆ ದಪ್ಪ, ಪಕ್ಕದಲ್ಲಿ ಅಂಗೈಯಷ್ಟು ಕಿಂಡಿ. ಎತ್ತಿದಾಗ ಕಿಂಡಿಯ ಅಂಚಿನಿಂದಲೇ ಹರಿಯುತ್ತದೆ. ಬಹಳ ಜನ ಇದನ್ನು ಹಿಟ್ಟಿನ ತಪ್ಪೆಂದು ತಿಳಿದು ನೀರು ಹಾಕುತ್ತಾರೆ.

ಎರೆಯುವ ಮೊದಲು ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಕೂತು ನಿಧಾನಕ್ಕೆ ಗುಳ್ಳೆ ಬಂದರೆ ಇನ್ನೂ ಕಾಯಬೇಕು. ಚುಂಯ್ ಎಂದು ಒಂದೆರಡು ಸೆಕೆಂಡಿನಲ್ಲಿ ಆರಿದರೆ ಹದ. ಮುತ್ತಿನ ಹಾಗೆ ಉರುಳಾಡಿದರೆ ಬಿಸಿ ಜಾಸ್ತಿ, ಉರಿ ಇಳಿಸಿ ಅರ್ಧ ನಿಮಿಷ ಬಿಡಿ. ಬೇಗ ತಣಿಯಲಿ ಎಂದು ಕಾದ ಬೀಡಿನ ಕಾವಲಿಗೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡಬಹುದು. ಎಣ್ಣೆ ಹೊಗೆಯಾಡುತ್ತಿದ್ದರೆ ಒಲೆ ಆರಿಸಿ. ಎಣ್ಣೆಗೆ ಬೆಂಕಿ ಹಿಡಿದರೆ ನೀರು ಹಾಕಲೇಬಾರದು, ಉರಿ ಆರಿಸಿ ಮುಚ್ಚಳ ಮುಚ್ಚಿ.

ನಾನ್‌ಸ್ಟಿಕ್ ತವಾದಲ್ಲಿ ಇಷ್ಟು ಬಿಸಿಗೆ ಹೋಗುವುದೇ ತಪ್ಪು. ಖಾಲಿ ತವಾ ದೊಡ್ಡ ಉರಿಯಲ್ಲಿ ಬಹಳ ಹೊತ್ತು ಕಾದರೆ ಅದರ ಲೇಪ ಕೆಟ್ಟು ಹೊಗೆ ಬರುತ್ತದೆ, ಆ ಹೊಗೆ ಒಳ್ಳೆಯದಲ್ಲ. ಮಧ್ಯಮ ಉರಿಯಲ್ಲೇ ಕಾಯಿಸಿ, ಮೇಲೆ ಹೇಳಿದ ದೊಡ್ಡ ಉರಿಯ ಏರಿಳಿತವನ್ನು ಕಬ್ಬಿಣಕ್ಕೆ, ಬೀಡಿಗೆ ಮಾತ್ರ ಇಟ್ಟುಕೊಳ್ಳಿ.

ಬಿಸಿ ಸರಿ, ಹಿಟ್ಟು ಸರಿ, ಆದರೂ ಅಂಟುತ್ತದೆ

ಆ ಕಾವಲಿಯಲ್ಲಿ ಚಪಾತಿ ಮಾಡಿದ್ದೀರಾ? ಸೋಪು ಹಾಕಿ ಗಸಗಸ ಉಜ್ಜಿದ್ದೀರಾ? ಕಬ್ಬಿಣದ ಕಾವಲಿಯ ಮೈಗೆ ಎಣ್ಣೆ ಕಾದು ಕಾದು ಒಂದು ಕಪ್ಪು ಪದರ ಕಟ್ಟಿರುತ್ತದೆ. ದೋಸೆ ಏಳುವುದು ಆ ಪದರದಿಂದ. ಎಣ್ಣೆಯಿಲ್ಲದೆ ಚಪಾತಿ ಬೇಯಿಸಿದರೆ ಉದುರಿದ ಹಿಟ್ಟು ಅಲ್ಲೇ ಸುಟ್ಟು ಪದರ ಒರಟಾಗುತ್ತದೆ. ನೀರುದೋಸೆಗೆ ಬೇರೆ ಕಾವಲಿ ಇಡುವ ಪದ್ಧತಿ ಸುಮ್ನೆ ಬಂದದ್ದಲ್ಲ.

ಅದನ್ನು ಸರಿ ಮಾಡಲು ಒಂದು ಸಂಜೆ ಸಾಕು. ತಣ್ಣಗಿರುವ ಕಾವಲಿಯನ್ನು ಕಲ್ಲುಪ್ಪು ಮತ್ತು ಸ್ವಲ್ಪ ಎಣ್ಣೆಯಿಂದ ಉಜ್ಜಿ, ಸುಟ್ಟದ್ದು ಹೋದ ಮೇಲೆ ತೊಳೆದು, ಒಲೆಯ ಮೇಲಿಟ್ಟು ಪೂರ್ತಿ ಒಣಗಿಸಿ. ಬಿಸಿಯಾದಾಗ ಬಹಳ ತೆಳ್ಳಗೆ ಎಣ್ಣೆ ಒರೆಸಿ, ಸಣ್ಣ ಉರಿಯಲ್ಲಿ ಎಣ್ಣೆ ಒಣಗುವವರೆಗೆ ಬಿಡಿ, ತಣಿಸಿ, ಮತ್ತೆ ಒರೆಸಿ. ಹೀಗೆ ಮೂರ್ನಾಲ್ಕು ಸಲ. ಕಿಟಕಿ ತೆರೆದಿರಲಿ. ಎಣ್ಣೆ ಜಾಸ್ತಿಯಾದರೆ ಪದರ ಗಟ್ಟಿಯಾಗದೆ ಜಿಗಟಾಗಿ ಉಳಿಯುತ್ತದೆ, ಮತ್ತೆ ಅಂಟುತ್ತದೆ. ಮೊದಲ ದಿನ ದಪ್ಪದ ಉದ್ದಿನ ದೋಸೆ ನಾಲ್ಕು ಎರೆದು, ಆಮೇಲೆ ನೀರುದೋಸೆಗೆ ಬನ್ನಿ.

ದಿನವೂ ಎರೆಯುವಾಗ ಅರ್ಧ ಹೆಚ್ಚಿದ ಈರುಳ್ಳಿಯನ್ನೋ, ಬದನೆಕಾಯಿಯ ತೊಟ್ಟಿನ ತುಂಡನ್ನೋ ಎಣ್ಣೆಯಲ್ಲಿ ಅದ್ದಿ ಒರೆಸಿ. ಕಾವಲಿಯ ಮೇಲೆ ಎಣ್ಣೆ ಹರಳಿನ ಹಾಗೆ ನಿಂತಿದ್ದರೆ ಹಿಟ್ಟು ಜಾರಿ ಅಲ್ಲಿ ಕಿಂಡಿಯಾಗುತ್ತದೆ. ಹಿಡಿ ಹಿಡಿಯಲು ಒಣಬಟ್ಟೆಯೇ ಇರಲಿ. ಒದ್ದೆ ಬಟ್ಟೆಯಲ್ಲಿ ಬಿಸಿ ಕ್ಷಣದಲ್ಲಿ ಕೈಗೆ ದಾಟುತ್ತದೆ. ನಾನ್‌ಸ್ಟಿಕ್ ತವಾದ ಲೇಪ ಎದ್ದು ಸಿಪ್ಪೆ ಬರುತ್ತಿದ್ದರೆ ಅದನ್ನು ಪಳಗಿಸಲು ಬರುವುದಿಲ್ಲ, ಬದಲಿಸಬೇಕು.

ಯಾವಾಗಲೂ ಒಂದೇ ಕಡೆ ಹರಿಯುತ್ತದೆ

ಕಾವಲಿಯನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ದೋಸೆ ಎರೆಯಿರಿ. ಹರಿಯುವ ಜಾಗ ಕಾವಲಿಯ ಜೊತೆಗೇ ತಿರುಗಿದರೆ ಕಾವಲಿಯಲ್ಲಿ ತೊಂದರೆ: ಪದರ ಎದ್ದಿರಬಹುದು, ಅಥವಾ ತಳ ಸೊಟ್ಟಗಾಗಿರಬಹುದು. ಸೊಟ್ಟಗಾದದ್ದನ್ನು ಮನೆಯಲ್ಲಿ ಬಡಿದು ಸರಿ ಮಾಡಲು ಹೋಗಬೇಡಿ, ಬೀಡು ಒಡೆಯುತ್ತದೆ.

ಜಾಗ ಒಲೆಯ ಅದೇ ದಿಕ್ಕಿನಲ್ಲಿ ಉಳಿದರೆ ತೊಂದರೆ ಉರಿಯದು. ಸೌದೆ ಒಲೆಯಾದರೆ ಕೆಂಡವನ್ನು ಸಮ ಎಳೆಯಿರಿ, ಮಳೆಗಾಲದ ಹಸಿ ಸೌದೆಯಲ್ಲಿ ಇದು ಪದೇ ಪದೇ ಬೇಕಾಗುತ್ತದೆ. ಗ್ಯಾಸ್ ಒಲೆಯಾದರೆ ಹಿಂದೆ ಚೆಲ್ಲಿದ ಹಿಟ್ಟು ಬರ್ನರಿನ ತೂತಿನಲ್ಲಿ ಒಣಗಿರುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಬರ್ನರ್ ಪೂರ್ತಿ ತಣಿದ ಮೇಲೆ ತೆಗೆದು, ಪಿನ್ನಿನಿಂದ ಬಿಡಿಸಿ, ತೊಳೆದು ಒಣಗಿಸಿ. ಆಮೇಲೂ ಉರಿ ಹಳದಿಯಾಗಿ ಅಲ್ಲಾಡುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ ಒಲೆ ರಿಪೇರಿಯವರನ್ನು ಕರೆಯಿರಿ. ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಕಾವಲಿಯಿಂದ ಚೆನ್ನಾಗಿ ಎದ್ದಿತು, ತಟ್ಟೆಯಲ್ಲಿ ಹರಿಯಿತು

ಬಿಸಿ ನೀರುದೋಸೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಹಬೆ ನೀರಾಗಿ ಎಲ್ಲ ಅಂಟಿಕೊಳ್ಳುತ್ತವೆ. ಕಾವಲಿಯ ಮೇಲೇ ನಾಲ್ಕು ಮಡಿಕೆ ಮಡಚಿ, ಬಾಳೆಲೆ ಅಥವಾ ಅಗಲ ತಟ್ಟೆಯ ಮೇಲೆ ಪಕ್ಕಪಕ್ಕ ಇಡಿ. ಒಂದೆರಡು ನಿಮಿಷ ಹಬೆ ಹೋದ ಮೇಲೆ ಒಟ್ಟಿಗೆ ಜೋಡಿಸಬಹುದು. ಉಳಿದ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟು ಮಾರನೇ ದಿನಕ್ಕೆ ಮುಗಿಸಿ. ರುಬ್ಬಿದ ಕಾಯಿ ಬೇಗ ಕೆಡುತ್ತದೆ. ಹುಳಿ ವಾಸನೆ ಬಂದಿದ್ದರೆ ನೀರು ಬೆರೆಸಿ ಸರಿ ಮಾಡಲು ನೋಡದೆ ಚೆಲ್ಲಿಬಿಡಿ.